ಸೀಟು ಸಿಗಲಿಲ್ಲ ಅನ್ನಬೇಡ, ತಾರೀಖು ತಪ್ಪಿಸಿದರು ಅನ್ನು

ತೀರ್ಥಹಳ್ಳಿ
12-10-2025

ಚಿ. ಸುಹಾಸನಿಗೆ ಮಾವನ ಆಶೀರ್ವಾದಗಳು.

ಜರ್ಮನಿಯಲ್ಲಿ ಓದಲು ಅರ್ಜಿ ಹಾಕಿಕೊಡುತ್ತೇವೆ ಅಂತ ದುಡ್ಡು ತೆಗೆದುಕೊಂಡ ಕನ್ಸಲ್ಟೆನ್ಸಿಯವರಿಗೆ ನೀನು ಬರೆದ ನೋಟಿಸಿನ ಕರಡು ತಲುಪಿತು. ನಾಲ್ಕು ಪುಟ. ರಾತ್ರಿ ಎರಡು ಸಲ ಓದಿದೆ. ನಿನ್ನ ಸಂಕಟ ಅರ್ಥವಾಗುತ್ತದೆ. ಭಾವ ಅಡಿಕೆ ಮಾರಿದ ದುಡ್ಡು ಅದು. ಮಂಡಿಯಿಂದ ಹಣ ಬಂದ ದಿನವೇ ಬ್ಯಾಂಕಿಗೆ ಹೋಗಿ ಆ ಕನ್ಸಲ್ಟೆನ್ಸಿಯ ಖಾತೆಗೆ ಹಾಕಿ ಬಂದಿದ್ದರು. ಅಕ್ಕ ಈಗ ಆ ಮಾತು ಎತ್ತಿದರೆ ಕಣ್ಣು ಒರೆಸಿಕೊಳ್ಳುತ್ತಾಳೆ. ಆದರೂ ಹೇಳುತ್ತೇನೆ, ಈ ನಾಲ್ಕು ಪುಟ ಕಳಿಸಬೇಡ. ಶಿವಮೊಗ್ಗದಲ್ಲಿ ವಕೀಲರ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಇಂಥ ಕಾಗದ ಟೈಪ್ ಮಾಡಿದವನು ನಾನು. ಯಾವ ಸಾಲು ನಿಲ್ಲುತ್ತದೆ, ಯಾವುದು ಬಿದ್ದುಹೋಗುತ್ತದೆ ಅನ್ನೋದು ಸ್ವಲ್ಪ ಗೊತ್ತು.

ನಿನ್ನ ಮೊದಲ ಸಾಲೇ "ನೂರಕ್ಕೆ ನೂರು ಸೀಟು ಗ್ಯಾರಂಟಿ ಎಂದು ನಂಬಿಸಿ, ಸೀಟು ಕೊಡಿಸದೆ ಮೋಸ ಮಾಡಿದ್ದೀರಿ" ಅಂತ ಇದೆ. ನೀನು ಸಹಿ ಹಾಕಿದ ಒಪ್ಪಂದದ ಮೂರನೇ ಪುಟ ತೆಗೆದು ನೋಡು. "ಪ್ರವೇಶ ನೀಡುವ ತೀರ್ಮಾನ ವಿಶ್ವವಿದ್ಯಾಲಯದ್ದು, ನಾವು ಖಾತರಿ ನೀಡುವುದಿಲ್ಲ" ಅಂತ ಬರೆದಿದೆ. ಗ್ಯಾರಂಟಿ ಅಂದದ್ದು ಕೌಂಟರಿನಲ್ಲಿ ಕೂತ ಹುಡುಗಿಯ ಬಾಯಿಮಾತು. ನೀನು ಸೀಟಿನ ಬಗ್ಗೆ ಜಗಳ ತೆಗೆದರೆ ಅವರು ಆ ಒಂದು ಸಾಲು ತೋರಿಸಿ ಕೂರುತ್ತಾರೆ. ನಿಜ ಹೇಳಬೇಕೆಂದರೆ, ಅವರು ಸರಿಯಾದ ಸಮಯಕ್ಕೆ ಅರ್ಜಿ ಹಾಕಿ, ಜರ್ಮನಿಯವರು ನಿನ್ನ ಅಂಕ ನೋಡಿ ಬೇಡ ಅಂದಿದ್ದರೆ, ನಾನೂ ನಿನಗೆ ಸುಮ್ಮನಿರು ಅನ್ನುತ್ತಿದ್ದೆ.

ಆದರೆ ನಡೆದದ್ದು ಅದಲ್ಲ, ಅಲ್ವಾ? ಅದೇ ಒಪ್ಪಂದದ ಎರಡನೇ ಪುಟದಲ್ಲಿ ಅವರ ಕೆಲಸ ಏನು ಅಂತ ಇದೆ. "ಜರ್ಮನಿಯ ಐದು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ, ಕೊನೆಯ ದಿನಾಂಕದೊಳಗೆ ಅರ್ಜಿ ಸಲ್ಲಿಸುವುದು." ನಿನ್ನ ಐದಕ್ಕೂ ಚಳಿಗಾಲದ ಸೆಮಿಸ್ಟರಿಗೆ ಕೊನೆಯ ದಿನ ಜುಲೈ 15. ನೀನು ಕಳಿಸಿದ ಸ್ಕ್ರೀನ್‌ಶಾಟನ್ನು ಕನ್ನಡಕ ಹಾಕಿಕೊಂಡು ದೊಡ್ಡದು ಮಾಡಿ ನೋಡಿದೆ. ಅಲ್ಲಿನ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಯೂನಿ-ಅಸಿಸ್ಟ್‌ನ My assist ಖಾತೆಯಲ್ಲಿ ಮೂರು ಅರ್ಜಿ ಮಾತ್ರ ಹೋಗಿವೆ. ಮೂರಕ್ಕೂ ಸಲ್ಲಿಸಿದ ದಿನ ಜುಲೈ 19. ಉಳಿದ ಎರಡು ಹೋಗಿಯೇ ಇಲ್ಲ. ನಿನ್ನ ಅಂಕಪಟ್ಟಿಗಳು ಅಸಲಿ ಅಂತ ಜರ್ಮನಿಯವರಿಗೆ ತೋರಿಸುವ ಎಪಿಎಸ್ ಪ್ರಮಾಣಪತ್ರ ಮೇ ತಿಂಗಳಲ್ಲೇ ಅವರ ಕೈ ಸೇರಿತ್ತು. ನಿನ್ನ ಕಡೆಯಿಂದ ಒಂದು ಕಾಗದವೂ ಬಾಕಿ ಇರಲಿಲ್ಲ.

ಕೇಸು ಇರುವುದು ಇಲ್ಲಿ. ಸೀಟು ಅವರ ಕೈಯಲ್ಲಿ ಇರಲಿಲ್ಲ, ತಾರೀಖು ಇತ್ತು. ಆ ತಾರೀಖಿಗೆ ಅಂತಲೇ ದುಡ್ಡು ತೆಗೆದುಕೊಂಡರು. ಗ್ರಾಹಕ ಕಾನೂನಿನಲ್ಲಿ ಇದಕ್ಕೆ ಸೇವಾ ನ್ಯೂನತೆ ಅನ್ನುತ್ತಾರೆ.

ಹಾಗಾಗಿ ಎಲ್ಲಕ್ಕಿಂತ ಮೊದಲು ಆ My assist ಖಾತೆಯನ್ನು ಭದ್ರ ಮಾಡಿಕೋ. ಖಾತೆ ತೆರೆದದ್ದು ಅವರು, ಇ-ಮೇಲ್ ಐಡಿ ಮಾಡಿದ್ದೂ ಅವರೇ. ನೀನು ಹಟ ಹಿಡಿದ ಮೇಲೆ ಪಾಸ್‌ವರ್ಡ್ ಕೊಟ್ಟಿದ್ದಾರೆ. ನಾಳೆ ಬದಲಿಸಿದರೆ ನಿನ್ನ ಸಾಕ್ಷಿ ಹೋಯಿತು. ಲಾಗಿನ್ ಆಗುವುದರಿಂದ ಹಿಡಿದು ಅರ್ಜಿಗಳ ಪಟ್ಟಿ, ತಾರೀಖು, ಯೂನಿ-ಅಸಿಸ್ಟ್ ಕಳಿಸಿದ ಪತ್ರಗಳು, ಎಲ್ಲ ಕಾಣುವಂತೆ ಒಂದೇ ವಿಡಿಯೊ ಮಾಡಿಕೋ. ಪತ್ರಗಳನ್ನು ಇಳಿಸಿಕೊಂಡು ನಿನ್ನ ಸ್ವಂತ ಇ-ಮೇಲಿಗೆ ಹಾಕಿಕೋ. ವಾಟ್ಸಾಪ್ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿಕೋ. ಬರೀ ನಮಗೆ ಅನುಕೂಲವಾದ ನಾಲ್ಕು ತುಣುಕು ಇಟ್ಟುಕೊಂಡರೆ ಅವರು ಮಿಕ್ಕದ್ದನ್ನು ತಂದು ನಿನ್ನನ್ನೇ ಸುಳ್ಳುಗಾರ ಮಾಡುತ್ತಾರೆ. ಹೊಸ ಫೋನ್ ತಗೊಂಡರೂ ಹಳೆಯದನ್ನು ಮಾರಬೇಡ. ಗ್ರಾಹಕ ಆಯೋಗಕ್ಕೆ ಪ್ರಿಂಟ್ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿಡಬೇಕು, ಅದನ್ನು ನಾನು ಮಾಡಿಸಿಕೊಡುತ್ತೇನೆ.

ಇನ್ನು ದುಡ್ಡಿನ ಲೆಕ್ಕ. ನೀನು ಒಟ್ಟು 1,63,000 ವಾಪಸ್ ಕೇಳಿದ್ದೀಯ, ಅದರ ಮೇಲೆ ಹತ್ತು ಲಕ್ಷ ಪರಿಹಾರ. ಬಿಡಿಸಿ ನೋಡೋಣ. ಸೇರುವಾಗ ಯುಪಿಐನಲ್ಲಿ 40,000. ಆಮೇಲೆ ಭಾವನ ಖಾತೆಯಿಂದ 80,000. ಅರ್ಜಿ ಶುಲ್ಕಕ್ಕೆ ಅಂತ ನಗದು 25,000. ಉಳಿದ 18,000 ಎಪಿಎಸ್ ಶುಲ್ಕ. ಅದನ್ನು ನೀನೇ ಎಪಿಎಸ್‌ನವರಿಗೆ ನೇರವಾಗಿ ಕಟ್ಟಿದ್ದು, ಪ್ರಮಾಣಪತ್ರವೂ ಬಂದಿದೆ, ಮುಂದಿನ ವರ್ಷ ಅರ್ಜಿ ಹಾಕಿದರೂ ಅದೇ ಸಾಕು. ಆ ಹಣ ಇವರ ಜೇಬಿಗೆ ಹೋಗಿಲ್ಲ, ಇವರಿಂದ ನಷ್ಟವೂ ಆಗಿಲ್ಲ. ಅದನ್ನು ಕೇಳಬೇಡ. ಒಂದು ತಪ್ಪು ಲೆಕ್ಕ ಇದ್ದರೆ ಸರಿಯಾದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಕೇಳಬೇಕಾದದ್ದು 1,45,000.

ನಗದು 25,000ಕ್ಕೆ ರಸೀದಿ ಇಲ್ಲ ಅಂತ ನೀನು ಹೆದರಿದ್ದೀಯ. ಅವತ್ತು ಸಂಜೆ ಅವರ ಮ್ಯಾನೇಜರ್ "25 ಕ್ಯಾಶ್ ರಿಸೀವ್ಡ್, ಯೂನಿ ಫೀಸ್" ಅಂತ ವಾಟ್ಸಾಪಿನಲ್ಲಿ ಹಾಕಿದ್ದಾನಲ್ಲ, ಅದು ಸಾಕು. ರಸೀದಿ ಕೊಡದೇ ಇರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಮೂರು ಅರ್ಜಿಗೆ ನಾವು ಶುಲ್ಕ ಕಟ್ಟಿದ್ದೇವೆ ಅಂತ ಅವರು ಹೇಳಬಹುದು. ಯೂನಿ-ಅಸಿಸ್ಟ್ ಶುಲ್ಕ ಮೊದಲ ಅರ್ಜಿಗೆ 75 ಯೂರೋ, ಮುಂದಿನ ಒಂದೊಂದಕ್ಕೆ 30. ಅಲ್ಲಿಗೆ 135 ಯೂರೋ. ಗಡುವು ಮುಗಿದು ನಾಲ್ಕು ದಿನವಾದ ಮೇಲೆ ಕಟ್ಟಿದ್ದು ಯಾರ ತಪ್ಪು ಅಂತ ಕೇಳು. ಅದನ್ನು ನಾವು ಹೊರಬೇಕಾಗಿಲ್ಲ.

ಹತ್ತು ಲಕ್ಷ ತೆಗೆದುಹಾಕು. ಪರಿಹಾರ ಎಷ್ಟು ಅನ್ನೋದನ್ನು ತೀರ್ಮಾನಿಸುವವರು ಆಯೋಗದವರು. ನೋಟಿಸಿನಲ್ಲಿ ಅಸಲು ಕೇಳು, ಕಟ್ಟಿದ ದಿನದಿಂದ ಬಡ್ಡಿ ಕೇಳು. ದೂರು ಕೊಡುವಾಗ ಒಂದು ವರ್ಷ ಹೋದದ್ದಕ್ಕೆ ಹೊಂದುವಂಥ ಮೊತ್ತ ಸೇರಿಸೋಣ.

ಅವರ ಇನ್ನೊಂದು ಆಟ ನನಗೆ ಜಾಸ್ತಿ ಸಿಟ್ಟು ತರಿಸಿತು. ಆಗಸ್ಟ್‌ನಲ್ಲಿ ಬರ್ಲಿನ್ನಿನ ಯಾವುದೋ ಖಾಸಗಿ ವಿಶ್ವವಿದ್ಯಾಲಯದ ಪತ್ರ ಕಳಿಸಿ "ನಿಮ್ಮ ಅಡ್ಮಿಷನ್ ಆಯಿತು, ಅಭಿನಂದನೆ" ಅಂದರಲ್ಲ. ವರ್ಷಕ್ಕೆ 12,000 ಯೂರೋ ಫೀಸು. ಭಾವ ನಿನ್ನನ್ನು ಜರ್ಮನಿಗೆ ಕಳಿಸಲು ಒಪ್ಪಿದ್ದೇ ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ ಅಂತ. ಅದೂ ಷರತ್ತಿನ ಪತ್ರ, ಮುಂಗಡ ಕಟ್ಟಿದ ಮೇಲೆಯೇ ಖಾಯಂ. ನೀನು ಅದಕ್ಕೆ ಏನೂ ಉತ್ತರ ಬರೆದಿಲ್ಲ. ನಾಳೆ ಇದನ್ನೇ ತೋರಿಸಿ "ನಾವು ಸೀಟು ಕೊಟ್ಟೆವು, ಹುಡುಗನೇ ಹೋಗಲಿಲ್ಲ" ಅನ್ನುತ್ತಾರೆ. ಇವತ್ತೇ ಇ-ಮೇಲ್ ಮಾಡು. ಇದು ಒಪ್ಪಂದದಲ್ಲಿ ಹೇಳಿದ ಸರ್ಕಾರಿ ವಿಶ್ವವಿದ್ಯಾಲಯ ಅಲ್ಲ, ಇದಕ್ಕೆ ಅರ್ಜಿ ಹಾಕಲು ನಾನು ಹೇಳಿಲ್ಲ, ನಾನು ಒಪ್ಪುವುದಿಲ್ಲ. ಮೂರು ಸಾಲು ಸಾಕು.

ನೋಟಿಸು ಒಂದು ಪುಟ ದಾಟದಿರಲಿ. ನಡುಭಾಗ ಹೀಗೆ ಬರೆ:

"ಒಪ್ಪಂದದ ಪ್ರಕಾರ ಐದು ಅರ್ಜಿಗಳನ್ನು 15-07-2025ರೊಳಗೆ ಸಲ್ಲಿಸಬೇಕಿತ್ತು. ಮೂರನ್ನು 19-07-2025ರಂದು ಸಲ್ಲಿಸಿದ್ದೀರಿ, ಎರಡನ್ನು ಸಲ್ಲಿಸಿಲ್ಲ. ಬೇಕಾದ ಎಲ್ಲ ದಾಖಲೆಗಳನ್ನು ನಾನು ಮೇ ತಿಂಗಳಲ್ಲಿ ಕೊಟ್ಟಿದ್ದೆ. ಒಪ್ಪಿಕೊಂಡ ಸೇವೆ ನೀಡಿಲ್ಲವಾದ್ದರಿಂದ, ನಾವು ಪಾವತಿಸಿದ 1,45,000 ರೂಪಾಯಿಗಳನ್ನು ಬಡ್ಡಿ ಸಹಿತ, ಈ ಪತ್ರ ತಲುಪಿದ 30 ದಿನಗಳೊಳಗೆ ಕೆಳಗಿನ ಖಾತೆಗೆ ಮರಳಿಸಬೇಕು. ತಪ್ಪಿದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇವೆ."

30 ದಿನ ಅಂತ ಸುಮ್ನೆ ಹಾಕಿಲ್ಲ. ಕೊರತೆ ಇರುವ ಸೇವೆಯ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದಲ್ಲಿ ವಾಪಸ್ ಕೊಡಲು ಒಪ್ಪದಿದ್ದರೆ, ಅದೂ ಅನುಚಿತ ವ್ಯಾಪಾರ ಪದ್ಧತಿ ಅಂತ ಆ ಕಾಯ್ದೆಯ ಸೆಕ್ಷನ್ 2(47)ರಲ್ಲಿದೆ. ಪೊಲೀಸು, ಜೈಲು, ಟಿವಿಗೆ ಹೇಳುತ್ತೇನೆ ಅನ್ನುವ ಮಾತು ಬೇಡ. ದುಡ್ಡಿಗಾಗಿ ಹೆದರಿಸಿದ್ದಾನೆ ಅಂತ ಅವರು ಅದೇ ಕಾಗದವನ್ನು ತಿರುಗಿಸಿ ಹಿಡಿಯುತ್ತಾರೆ. ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಕಳಿಸು. ಅದರ ಪ್ರತಿಯನ್ನು ಇ-ಮೇಲಿಗೂ ಹಾಕು.

"ಶುಲ್ಕ ಯಾವ ಕಾರಣಕ್ಕೂ ವಾಪಸ್ ಇಲ್ಲ" ಅನ್ನುವ ಷರತ್ತು ಇದೆಯಲ್ಲ ಮಾವ ಅಂತ ನೀನು ಕೇಳಿದ್ದೆ. ಆ ಷರತ್ತೇ ಅನ್ಯಾಯದ್ದು, ಅದನ್ನು ರದ್ದು ಮಾಡಿ ಅಂತ ಕೇಳಲು ಹೊರಟರೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಆ ಅಧಿಕಾರ ಜಿಲ್ಲಾ ಆಯೋಗಕ್ಕೆ ಇಲ್ಲ. ನಮಗೆ ಆ ದಾರಿ ಬೇಡ. ನಾವು ಷರತ್ತಿನ ತಂಟೆಗೆ ಹೋಗದೆ, ಕೆಲಸವನ್ನೇ ಮಾಡಿಲ್ಲ, ಹಾಗಾಗಿ ಹಣ ಕೊಡಿ ಅನ್ನೋಣ. ಶಿಕ್ಷಣ ಗ್ರಾಹಕ ಸೇವೆ ಅಲ್ಲ ಅಂತಲೂ ಅವರ ವಕೀಲರು ವಾದಿಸಬಹುದು. ಆ ಮಾತು ಬರುವುದು ಪಾಠ ಹೇಳುವ ಸಂಸ್ಥೆಗಳ ವಿಷಯದಲ್ಲಿ. ಇವರು ನಿನಗೆ ಪಾಠ ಹೇಳಿಲ್ಲ, ಅರ್ಜಿ ತುಂಬಲು ದುಡ್ಡು ತೆಗೆದುಕೊಂಡವರು.

ಅವರ ಆಫೀಸು ಬೆಂಗಳೂರಿನಲ್ಲಿದೆ, ಒಪ್ಪಂದದಲ್ಲೂ "ಬೆಂಗಳೂರು ನ್ಯಾಯಾಲಯ ಮಾತ್ರ" ಅಂತ ಇದೆ. ಅದಕ್ಕೂ ಹೆದರಬೇಡ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಅಂತ 2019ರ ಕಾಯ್ದೆ ಹೇಳುತ್ತದೆ. ಶಿವಮೊಗ್ಗದಲ್ಲೇ ಕೊಡೋಣ. ಕಟ್ಟಿದ ಹಣ ಐದು ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. e-jagriti.gov.in ನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ವಕೀಲರು ಇರಲೇಬೇಕು ಅಂತಿಲ್ಲ. ಒಪ್ಪಂದ ನಿನ್ನ ಹೆಸರಿನಲ್ಲಿದೆ, ದೊಡ್ಡ ಮೊತ್ತ ಭಾವನ ಖಾತೆಯಿಂದ ಹೋಗಿದೆ. ಇಬ್ಬರ ಹೆಸರಲ್ಲೂ ದೂರು ಇರಲಿ.

ನೋಟಿಸು ಹೋದ ಮೇಲೆ ಫೋನ್ ಬರುತ್ತದೆ, ನೋಡು. "40,000 ಕೊಡುತ್ತೇವೆ, ಈ ಕಾಗದಕ್ಕೆ ಸಹಿ ಹಾಕಿ" ಅನ್ನುತ್ತಾರೆ. ಆ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ" ಅನ್ನುವ ಪದ ಇರುತ್ತದೆ. ಅದಕ್ಕೆ ಸಹಿ ಬಿದ್ದರೆ ಉಳಿದ 1,05,000 ಮರೆತುಬಿಡಬೇಕು. ಹಣ ಕೊಡುವುದಾದರೆ ಖಾತೆಗೆ ಹಾಕಲಿ, ಭಾಗಶಃ ಬಂತು ಅಂತ ನೀನು ಬರೆದು ಕಳಿಸು. ಫೋನಿನಲ್ಲಿ ಏನೇ ಮಾತಾಡಿದರೂ, ಇಟ್ಟ ತಕ್ಷಣ "ಈಗ ನೀವು ಹೀಗೆ ಹೇಳಿದಿರಿ" ಅಂತ ವಾಟ್ಸಾಪ್ ಮಾಡು.

ಇಲ್ಲವಾದರೆ ದಿನ ದೂಡುತ್ತಾರೆ. ದೀಪಾವಳಿ ಆಗಲಿ, ಆಡಿಟ್ ಮುಗಿಯಲಿ, ಸಾರ್ ಊರಲ್ಲಿಲ್ಲ. ದೂರು ಕೊಡಲು ಇರುವುದು ಎರಡು ವರ್ಷ. ಜುಲೈ 15ರಿಂದಲೇ ಎಣಿಸಿಕೋ. ಅವರು ಕೊಡುತ್ತೇವೆ ಅಂತ ಹೇಳುತ್ತಾ ಹೋದರೂ, ನಾವು ಪತ್ರ ಬರೆಯುತ್ತಾ ಹೋದರೂ ಆ ಗಡುವು ಮುಂದೆ ಹೋಗುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೋ. ನನ್ನ ಮನಸ್ಸಿನಲ್ಲಿ ಇರುವುದು ನವೆಂಬರ್ ಕೊನೆ. 30 ದಿನ ಮುಗಿದ ಮಾರನೇ ವಾರ ದೂರು ಕೊಡೋಣ.

ಹಬ್ಬಕ್ಕೆ ಬರುವಾಗ ಒಪ್ಪಂದದ ಮೂಲಪ್ರತಿ, ಆ ಹಳೆಯ ಫೋನ್, ಭಾವನ ಪಾಸ್‌ಬುಕ್ ತೆಗೆದುಕೊಂಡು ಬಾ. ನೋಟಿಸು ಅಷ್ಟರಲ್ಲಿ ಪೋಸ್ಟ್ ಆಗಿರಲಿ. ಪೋಸ್ಟ್ ಆಫೀಸಿನ ರಸೀದಿಯ ಶಾಯಿ ಬೇಗ ಮಾಸುತ್ತದೆ, ಅವತ್ತೇ ಒಂದು ಜೆರಾಕ್ಸ್ ಮಾಡಿಸಿಡು.

ನಿನ್ನ ಮಾವ