ಒತ್ತು ಬೀಳಬೇಕಾದದ್ದು ಎಲ್ಲಿ?

ಬೆಳಗಾವಿ

ಪ್ರೀತಿಯ ತಂಗಿ,

ಜಮಖಂಡಿಯಿಂದ ನೀ ಕಳಿಸಿದ ಭಾಷಣದ ಕರಡು ಓದಿದೆ. ವಿಷಯ ಗಟ್ಟಿ ಇದೆ. ಆದರೆ ಮೊದಲ ಪ್ಯಾರಾದಲ್ಲೇ ಹೀಗೆ ಬರೆದಿದ್ದೀ: "ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ನಡೆದದ್ದು 1924ರಲ್ಲಿ. ಅಧ್ಯಕ್ಷತೆ ವಹಿಸಿದ್ದು ಗಾಂಧೀಜಿ. ಬಾವಿ ತೋಡಿದ್ದು ಅದಕ್ಕಾಗಿಯೇ." ನಾಲ್ಕೂ ವಾಕ್ಯ ಒಂದೇ ಅಚ್ಚು. ಎಲ್ಲದಕ್ಕೂ ಒತ್ತು ಕೊಡಲು ಹೋಗಿ ಯಾವುದಕ್ಕೂ ಒತ್ತು ಉಳಿದಿಲ್ಲ.

ಈ "-ದ್ದು" ವಾಕ್ಯದ ಕೆಲಸ ಏನು ಅಂತ ಮೊದಲು ನೋಡೋಣ. "ಗಾಂಧೀಜಿ ಬೆಳಗಾವಿಗೆ ಬಂದರು" ಅಂದರೆ ಪೂರಾ ಸುದ್ದಿಯೇ ಹೊಸದು. "ಗಾಂಧೀಜಿ ಬಂದದ್ದು ಬೆಳಗಾವಿಗೆ" ಅಂದಾಗ ವಾಕ್ಯ ಎರಡು ಹೋಳಾಗುತ್ತದೆ. ಅವರು ಎಲ್ಲಿಗೋ ಬಂದರು ಎಂಬುದು ಕೇಳುವವರಿಗೆ ಮೊದಲೇ ಗೊತ್ತು, ಎಲ್ಲಿಗೆ ಎಂಬುದಷ್ಟೇ ಹೊಸದು. ಮೊದಲ ಹೋಳು ಸಭೆಗೆ ಗೊತ್ತೇ ಇಲ್ಲದಿದ್ದರೆ ಜನ "ಯಾವ ಅಧಿವೇಶನ?" ಅಂತ ಅಲ್ಲೇ ನಿಲ್ಲುತ್ತಾರೆ. ನಿನ್ನ ಮೊದಲ ವಾಕ್ಯಕ್ಕೆ ಆದದ್ದು ಇದೇ.

ನಕಾರ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. "ಮಾಸ್ತರು ಬಂದಿಲ್ಲ" ಅಂದರೆ ಮಾಸ್ತರು ಬರುವ ಮಾತೇ ಸುಳ್ಳಾಯಿತು. "ಬಂದದ್ದು ಮಾಸ್ತರಲ್ಲ" ಅಂದರೆ ಯಾರೋ ಬಂದಿದ್ದಾರೆ, ಅವರು ಮಾಸ್ತರಲ್ಲ ಅಷ್ಟೇ. "ಇಲ್ಲ" ಹೋಗಿ "ಅಲ್ಲ" ಬಂತು, ಬಂದ ಸಂಗತಿ ಹಾಗೇ ಉಳಿಯಿತು. ಸಂಶಯ ಬಂದ ವಾಕ್ಯಕ್ಕೆಲ್ಲ "ಅಲ್ಲ" ಹಚ್ಚಿ ನೋಡು. ಆಗಲೂ ಉಳಿಯುವ ಭಾಗ ಸಭೆಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಸಾದಾ ವಾಕ್ಯವೇ ಮೇಲು.

ನಾನಾದರೆ ಆ ಪ್ಯಾರಾ ಹೀಗೆ ಬರೆಯುತ್ತಿದ್ದೆ: "1924ರ ಡಿಸೆಂಬರಿನಲ್ಲಿ ಬೆಳಗಾವಿಯ ಟಿಳಕವಾಡಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಬಂದವರಿಗೆ ನೀರು ಬೇಕಿತ್ತು, ಬಾವಿ ತೋಡಿದರು. ಸ್ವಾಗತದ ಹೊಣೆ ಹೊತ್ತವರು ಗಂಗಾಧರರಾವ್ ದೇಶಪಾಂಡೆ. ಗಾಂಧೀಜಿ ಕಾಂಗ್ರೆಸ್ ಅಧ್ಯಕ್ಷರಾದದ್ದು ಜೀವನದಲ್ಲಿ ಒಮ್ಮೆ ಮಾತ್ರ. ಆ ಒಮ್ಮೆ ಆದದ್ದು ನಮ್ಮ ಬೆಳಗಾವಿಯಲ್ಲಿ."

ಮೊದಲೆರಡು ಸಾದಾ ವಾಕ್ಯ, ಅವು ನೆಲ ಹದ ಮಾಡುತ್ತವೆ. ಕೊನೆಯವೆರಡು "-ದ್ದು" ಒಂದರ ಬೆನ್ನಿಗೆ ಒಂದು ಬಂದರೂ ಭಾರ ಅನ್ನಿಸುವುದಿಲ್ಲ, ಯಾಕೆಂದರೆ ಮೊದಲನೆಯದು ಕೊಟ್ಟ "ಒಮ್ಮೆ" ಎಂಬ ಹೊಸ ಸಂಗತಿ ಎರಡನೆಯದಕ್ಕೆ ಗೊತ್ತಿರುವ ಸಂಗತಿಯಾಗುತ್ತದೆ. "ಬೆಳಗಾವಿಯಲ್ಲೇ" ಅಂತ "ಏ" ಸೇರಿಸಿಲ್ಲ ನೋಡು. ಬೇರೆ ಊರು ಎಂದು ಯಾರಾದರೂ ವಾದಕ್ಕೆ ನಿಂತಿದ್ದರೆ ಅದು ಬೇಕಿತ್ತು. ನಮ್ಮ ಕಡೆ ಭಾಷಣಕಾರರಿಗೆ ಈ "ಏ" ಅಂದರೆ ಭಾಳ ಪ್ರೀತಿ, ಇರಲಿ.

"ಹೊಣೆ ಹೊತ್ತದ್ದು" ಬಿಟ್ಟು "ಹೊತ್ತವರು" ಅಂದದ್ದಕ್ಕೂ ಕಾರಣ ಇದೆ. "ಹೊತ್ತದ್ದು ದೇಶಪಾಂಡೆ" ತಪ್ಪಲ್ಲ, ಆದರೆ ಅದು ಬರೀ ಬೊಟ್ಟು ಮಾಡಿ ತೋರಿಸಿದ ಹಾಗೆ. "ಹೊತ್ತವರು" ಅಂದಾಗ ಮನುಷ್ಯನಿಗೆ ಮರ್ಯಾದೆ ಸಲ್ಲುತ್ತದೆ. ವೇದಿಕೆಯ ಮೇಲೆ ಹಿರಿಯರ ಹೆಸರು ಬಂದಾಗ "-ದವರು" ಇರಲಿ, ಊರು, ತಾರೀಖು, ಕಾರಣಕ್ಕೆ "-ದ್ದು" ಇರಲಿ.

ಇನ್ನು ಪದ ಹಿಂದುಮುಂದು ಮಾಡುವ ವಿಚಾರ. ಇಂಗ್ಲಿಷಿನಲ್ಲಿ ಪದಗಳ ಜಾಗ ಬಿಗಿ, ಅದಕ್ಕೇ "ನೆವರ್" ಮುಂದೆ ಬಂದು ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮೊದಲು ಬಂದರೆ ಕೇಳುವವನ ಕಿವಿ ನೆಟ್ಟಗಾಗುತ್ತದೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿರುವುದರಿಂದ ಪದಗಳು ಸಲೀಸಾಗಿ ಜಾಗ ಬದಲಿಸುತ್ತವೆ. ಬರೀ ಜಾಗ ಬದಲಿಸಿದರೆ ಅಂಥ ಬಿಸಿ ಹುಟ್ಟುವುದಿಲ್ಲ. ಕ್ರಿಯಾಪದವನ್ನು ಮುಂದೆ ತಂದಾಗ ಮಾತ್ರ ಅದು ಹುಟ್ಟುತ್ತದೆ: "ಮಣಿಯಲಿಲ್ಲ ಕಿತ್ತೂರು." ಇಲ್ಲಿ ಒತ್ತು ಬೀಳುವುದು "ಮಣಿಯಲಿಲ್ಲ"ದ ಮೇಲೆ, ಹಿಂದೆ ಉಳಿದ ಪದ ತಗ್ಗಿದ ದನಿಯದು. ಹಾಗಾಗಿ ಬಾಲ ಗಿಡ್ಡ ಇರಬೇಕು. ನೀ ಬರೆದ "ಮಣಿಯಲಿಲ್ಲ 1824ರಲ್ಲಿ ದತ್ತಕದ ವಿಷಯದಲ್ಲಿ ಬ್ರಿಟಿಷರಿಗೆ ನಮ್ಮ ಕಿತ್ತೂರು ಸಂಸ್ಥಾನ" ಎಂಬಲ್ಲಿ ಇಸವಿ, ಕಾರಣ, ಶತ್ರು ಎಲ್ಲ ತಗ್ಗಿದ ದನಿಯಲ್ಲೇ ಮುಳುಗಿಹೋದವು. ಅವನ್ನು ಹಿಂದಿನ ವಾಕ್ಯಕ್ಕೆ ಕಳಿಸು.

ಓದುವಾಗ ಒಂದು ಎಚ್ಚರ. ವಾಕ್ಯದ ಕೊನೆಯಲ್ಲಿ ಕ್ರಿಯಾಪದ ಬರುವ ರೂಢಿಯಿಂದ ನಮ್ಮ ದನಿ ಅಲ್ಲಿ ತಾನಾಗಿ ಇಳಿಯುತ್ತದೆ. "-ದ್ದು" ವಾಕ್ಯದಲ್ಲಿ ಮುಖ್ಯ ಪದ ಇರುವುದೇ ಆ ಜಾಗದಲ್ಲಿ. "ಆ ಒಮ್ಮೆ ಆದದ್ದು" ಅಂದು ತುಸು ನಿಲ್ಲು, ಆಮೇಲೆ "ನಮ್ಮ ಬೆಳಗಾವಿಯಲ್ಲಿ" ಎಂಬುದನ್ನು ದನಿ ಇಳಿಸದೆ ಹೇಳು. ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಊರಿನ ಹೆಸರೇ ಕೇಳಿಸಲಿಕ್ಕಿಲ್ಲ.

ಎರಡನೆಯ ಪುಟದಲ್ಲಿ "1831ರ ಜನವರಿ 26ರಂದು ರಾಯಣ್ಣನನ್ನು ಗಲ್ಲಿಗೇರಿಸಿದ್ದು ನಂದಗಡದಲ್ಲಿ" ಅಂತ ಬರೆದಿದ್ದೀ. ನಿನ್ನ ಭಾಷಣ ಇರುವುದು ಗಣರಾಜ್ಯೋತ್ಸವಕ್ಕೆ. ನಂದಗಡದ ಹೆಸರು ನಮ್ಮ ಕಡೆಯವರಿಗೆ ಗೊತ್ತು, ತಾರೀಖು ಎಷ್ಟೋ ಜನರಿಗೆ ಗೊತ್ತಿಲ್ಲ. ಅದಕ್ಕೆ ತಿರುಗಿಸಿ ಬರೆ: "ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ, ಇದೇ ಜನವರಿ 26ರಂದು." ತಿದ್ದಿದ ಪ್ರತಿ ಕಳಿಸು, ಮೂರನೆಯ ಪುಟದ ಮಾತು ಆಮೇಲೆ.

ನಿನ್ನ ಅಣ್ಣ