ಪಾಪುವಿನ ಎಣ್ಣೆಸ್ನಾನದ ಫೋಟೋ

ಟೊರೊಂಟೊ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಮಂಡಿ ನೋವು ಹೇಗಿದೆ?

ನಿನ್ನ ಪತ್ರ ಓದಿ ಸಂಕಟವಾಯಿತು. ಆಲ್ಬಂ ಮಾಡಿಸಲು ವೆಬ್‌ಸೈಟಿಗೆ ಹಾಕಿದ ಪಾಪುವಿನ ಫೋಟೋ ತಡೆದರು ಅಂತ ಬಸವನಗುಡಿಗೆ ಪೊಲೀಸರು ಬರುತ್ತಾರಾ ಅಂತ ಕೇಳಿದ್ದೀಯ. ಖಂಡಿತ ಇಲ್ಲಮ್ಮ. ನೀನು ತಪ್ಪು ಮಾಡಿಲ್ಲ. ಶ್ವೇತಾಗೂ ಹೇಳು, ಅಳಬೇಡ ಅಂತ.

ನನ್ನ ಕೆಲಸವೇ ಇದಲ್ವಾ, ಬಿಡಿಸಿ ಹೇಳುತ್ತೇನೆ. ಇಂಥ ಕಡೆ ಎರಡು ಬಗೆಯ ತಪಾಸಣೆ ಇರುತ್ತದೆ. ಮಕ್ಕಳನ್ನು ಲೈಂಗಿಕವಾಗಿ ದುರ್ಬಳಕೆ ಮಾಡಿದ, ಈಗಾಗಲೇ ಸಿಕ್ಕಿಬಿದ್ದ ಕೆಟ್ಟ ಚಿತ್ರಗಳಿಗೆ ಬೆರಳಚ್ಚಿನಂಥ ಒಂದು ಸಂಖ್ಯೆ ಮಾಡಿಟ್ಟಿರುತ್ತಾರೆ. ಹೊಸ ಚಿತ್ರವನ್ನು ಅದರ ಜೊತೆ ಹೋಲಿಸುತ್ತಾರೆ. ನೀನು ಮೊನ್ನೆ ತಾನೇ ತೆಗೆದ ಫೋಟೋ ಆ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ. ಪಾಪು ಸಿಕ್ಕಿಕೊಂಡಿದ್ದು ಎರಡನೆಯದರಲ್ಲಿ. ಅದು ಯಾರೂ ಹಿಂದೆ ನೋಡಿರದ ಚಿತ್ರವನ್ನು ಅಂದಾಜು ಮಾಡುತ್ತದೆ. ಮಗು ಇದೆಯಾ, ಮೈಮೇಲೆ ಬಟ್ಟೆ ಇದೆಯಾ, ಎಷ್ಟು ಮೈ ಕಾಣುತ್ತಿದೆ ಅಂತ ನೋಡಿ ಅಂಕ ಕೊಡುತ್ತದೆ. ಅಂಕ ಒಂದು ಗೆರೆ ದಾಟಿದರೆ ತಡೆ. ಮಕ್ಕಳ ವಿಷಯದಲ್ಲಿ ಆ ಗೆರೆಯನ್ನು ಬೇಕೆಂದೇ ಕೆಳಗೆ ಇಡುತ್ತಾರೆ. ಒಂದು ಕೆಟ್ಟ ಚಿತ್ರ ತಪ್ಪಿಸಿಕೊಳ್ಳುವುದಕ್ಕಿಂತ ಕೆಲವು ಒಳ್ಳೆಯ ಚಿತ್ರ ನಿಂತರೂ ಪರವಾಗಿಲ್ಲ ಅಂತ. ಅದು ಸರಿ ಅಂತಲೇ ನನಗೂ ಅನ್ನಿಸುತ್ತದೆ.

ನೀನು ಕಳಿಸಿದ ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಆಲ್ಬಂಗೆ ಸೇರಿದ್ದರಲ್ಲಿ ಅಜ್ಜಿ, ಹಂಡೆ, ಟವೆಲ್ ಸುತ್ತಿದ ಪಾಪು ಎಲ್ಲ ಇವೆ. ತಡೆದದ್ದರಲ್ಲಿ ಅಜ್ಜಿಯ ಕಾಲೂ ಇಲ್ಲ, ಹಂಡೆಯೂ ಇಲ್ಲ. ಎಣ್ಣೆ ಹಚ್ಚಿದ ಬರಿಮೈ ಮಾತ್ರ ಫೋಟೋ ತುಂಬ ಇದೆ. ತೆಗೆದವಳು ಅಜ್ಜಿಯಾದ ನೀನು, ಪಾಪುಗೆ ನಾಲ್ಕು ತಿಂಗಳು, ಅದು ಸ್ನಾನದ ಹೊತ್ತು, ಇದೆಲ್ಲ ನಮಗೆ ಗೊತ್ತು. ಚಿತ್ರದಲ್ಲಿ ಅದು ಕಾಣದಿದ್ದರೆ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ನಿನ್ನಿಂದ ಮುಚ್ಚಿಡುವುದಿಲ್ಲ, ಇದು ಕೆಲವೊಮ್ಮೆ ಜಾಸ್ತಿ ತೊಂದರೆ ಕೊಡುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಬ್ಬ ತಂದೆ ಡಾಕ್ಟರಿಗೆ ತೋರಿಸಲು ಮಗನ ಫೋಟೋ ತೆಗೆದ. ಅದು ತಾನಾಗಿಯೇ ಅವನ ಆನ್‌ಲೈನ್ ಖಾತೆಗೆ ಸೇರಿ, ಖಾತೆಯೇ ಮುಚ್ಚಿಹೋಯಿತು. ಪೊಲೀಸರು ಅಪರಾಧವೇನೂ ಇಲ್ಲ ಅಂದರೂ ಖಾತೆ ವಾಪಸ್ ಬರಲಿಲ್ಲ. 2022ರಲ್ಲಿ ಪತ್ರಿಕೆಯಲ್ಲಿ ಬಂದಿತ್ತು. ನಿನ್ನ ಖಾತೆ ತೆರೆದೇ ಇದೆ, ಒಂದು ಫೋಟೋ ಮಾತ್ರ ನಿಂತಿದೆ. ಹೆದರಬೇಡ.

ಆದರೆ ಅದೇ ಫೋಟೋವನ್ನು ಮತ್ತೆ ಮತ್ತೆ ಹಾಕಬೇಡ. ಪ್ರತಿ ಸಲವೂ ನಿನ್ನ ಹೆಸರಿನಲ್ಲಿ ಲೆಕ್ಕಕ್ಕೆ ಸೇರಬಹುದು. ಪರಿಶೀಲನೆಗೆ ಕೇಳುವ ಬಟನ್ ಇದ್ದರೆ ಒಂದೇ ಒಂದು ಸಲ ಒತ್ತು, ಆಮೇಲೆ ಒಬ್ಬ ಮನುಷ್ಯ ನೋಡಬಹುದು. ಮುಂದೆ ಸ್ನಾನದ ಫೋಟೋ ತೆಗೆದರೆ ಮುಖ ಮಾತ್ರ ತೆಗೆ, ಇಲ್ಲವೇ ಟವೆಲ್ ಹೊದಿಸಿ ತೆಗೆ. ಫೋನಿನ ಆಟೋ ಬ್ಯಾಕಪ್ ಆರಿಸಿಡಲು ಶ್ವೇತಾಗೆ ಹೇಳು.

ಇಲ್ಲಿ ಮಗುವಿಗೆ ವಾರಕ್ಕೆ ಎರಡು ಮೂರು ಸಲ ಸ್ನಾನ ಮಾಡಿಸಿದರೆ ಸಾಕು ಅನ್ನುತ್ತಾರೆ. ಅಜ್ಜಿ ಕಾಲು ಚಾಚಿ ಪಾಪುವನ್ನು ಮಲಗಿಸಿಕೊಳ್ಳುವ ರೀತಿ ಹೇಳಿದರೆ ಪಕ್ಕದ ಮನೆಯವರು ಬೆರಗಾದರು. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ!

ಬೆಳಗ್ಗೆ ಬೇಗ ಏಳಬೇಕು, ನಿಲ್ಲಿಸುತ್ತೇನೆ. ಏನೂ ಆಗಲ್ಲಮ್ಮ, ಸುಮ್ನೆ ಮಲಗು. ಪಾಪುಗೆ ಮುತ್ತು.

ನಿನ್ನ
ಸುಮಾ