ರೋಲ್-ಆನ್ ಜೊತೆಗಿಟ್ಟ ಚೀಟಿ

ಮಗನೇ,

ಇದನ್ನು ಎದುರು ಕೂತು ಹೇಳಿದರೆ ನೀನು "ಅಮ್ಮಾ, ಸಾಕು" ಅಂತ ಎದ್ದು ಹೋಗ್ತೀಯ. ಅದಕ್ಕೇ ಬರೆದಿಟ್ಟಿದ್ದೇನೆ. ಓದಿಕೋ, ಉತ್ತರ ಏನೂ ಬೇಡ.

ನಿನ್ನೆ ಆಟ ಮುಗಿಸಿ ಬಂದವನು ಅದೇ ಅಂಗಿಯ ಮೇಲೆ ಅಪ್ಪನ ಬಾಡಿ ಸ್ಪ್ರೇ ಬುಸ್ಸಂತ ಹೊಡೆದುಕೊಂಡೆಯಲ್ಲ? ಸ್ವಲ್ಪ ಹೊತ್ತಿಗೆ ಬೆವರು, ಸ್ಪ್ರೇ ಎರಡೂ ಸೇರಿ ಮೂರನೆಯದೇ ಒಂದು ವಾಸನೆ ಆಯ್ತು. ತಂಗಿ ಮೂಗು ಮುಚ್ಚಿಕೊಂಡಳು, ನಿನಗೆ ಸಿಟ್ಟು ಬಂತು. "ಬೆಳಗ್ಗೆ ತಾನೇ ಸ್ನಾನ ಮಾಡಿದ್ದೀನಿ" ಅಂದೆ. ಮಾಡಿದ್ದೆ, ನನಗೂ ಗೊತ್ತು. ನೀನು ಕೊಳಕ ಅಂತ ಯಾರೂ ಹೇಳುತ್ತಿಲ್ಲ.

ಆಗಿರೋದು ಇಷ್ಟು. ಚಿಕ್ಕವನಿದ್ದಾಗ ನಿನಗೆ ಬರುತ್ತಿದ್ದ ಬೆವರು ಹೆಚ್ಚೂ ಕಡಿಮೆ ಉಪ್ಪು ನೀರು. ಕಂಕುಳಲ್ಲಿ, ತೊಡೆಸಂದಿನಲ್ಲಿ ಇನ್ನೊಂದು ಬಗೆಯ ಬೆವರಿನ ಗ್ರಂಥಿಗಳಿವೆ. ಹುಟ್ಟಿದಾಗಿನಿಂದ ಇದ್ದರೂ ಹರೆಯ ಬರುವವರೆಗೆ ಸುಮ್ಮನೆ ಇರುತ್ತವೆ. ನಿನ್ನವು ಈಗ ಎದ್ದಿವೆ. ಅವುಗಳಿಂದ ಬರುವ ಬೆವರು ಸ್ವಲ್ಪ ಮಂದ, ಅದರಲ್ಲಿ ಜಿಡ್ಡೂ ಇರುತ್ತೆ. ತಮಾಷೆ ಅಂದರೆ ಅದಕ್ಕೂ ತನ್ನದೇ ಅಂತ ವಾಸನೆ ಇಲ್ಲ. ಎಲ್ಲರ ಚರ್ಮದ ಮೇಲೂ ಇರುವ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದಾಗಲೇ ಆ ಘಾಟು ಹುಟ್ಟೋದು. ನಿನ್ನೆ ನೀನು ಹೊಡೆದ ಸ್ಪ್ರೇ ಬೆವರಿನ ಮೇಲೆ, ಬಟ್ಟೆಯ ಮೇಲೆ ಕೂತಿತು. ಕಂಕುಳ ಚರ್ಮಕ್ಕೆ ತಾಗಲೇ ಇಲ್ಲ.

ಆದ್ದರಿಂದ ಮೊದಲು ಸ್ನಾನದ ಮಾತು. ನೀನು ಒಳಗೆ ಹೋಗಿ ಮೂರೇ ನಿಮಿಷಕ್ಕೆ ಹೊರಗೆ ಬರ್ತೀಯ. ಎದೆಗೆ, ತೋಳಿಗೆ ಸೋಪು ಬೀಳುತ್ತೆ, ಕಂಕುಳಿಗೆ ಬರೀ ನೀರು ಇಳಿಯುತ್ತೆ. ಜಿಡ್ಡು ನೀರಿಗೆ ಹೋಗಲ್ಲ. ಕೈ ಮೇಲೆತ್ತಿ, ಸೋಪಿನ ನೊರೆಯನ್ನು ಕೂದಲ ಬುಡದವರೆಗೆ ಬೆರಳಿಂದ ಉಜ್ಜು. ಗಸಗಸ ತಿಕ್ಕಿ ಚರ್ಮ ಕೆಂಪು ಮಾಡಬೇಡ. ತೊಡೆಸಂದು, ಪಾದ, ಕಾಲ್ಬೆರಳ ಸಂದಿಗೂ ಹಾಗೇ. ಆಮೇಲೆ ಸೋಪು ಪೂರ್ತಿ ಹೋಗುವಂತೆ ತೊಳೆದು, ಒರೆಸಿ ಒಣಗಿಸು. ದಿನಕ್ಕೊಂದು ಸಲ ಸಾಕು. ಆಟವಾಡಿ ಬೆವೆತ ದಿನ ಸಂಜೆ ಇನ್ನೊಂದು ಸಲ, ಕೂದಲು ತೊಳೆಯದಿದ್ದರೂ ನಡೆಯುತ್ತೆ.

ಈಗ ಡಿಯೋಡರೆಂಟ್. ನಿನಗೆ ಪರಿಮಳವಿಲ್ಲದ ರೋಲ್-ಆನ್ ತಂದಿದ್ದೇನೆ. ಸ್ನಾನವಾಗಿ ಕಂಕುಳು ಒಣಗಿದ ಮೇಲೆ ಮೇಲಿಂದ ಕೆಳಕ್ಕೆ ಎರಡು ಮೂರು ಸಲ ಉರುಳಿಸು, ಒಂದು ನಿಮಿಷ ಬಿಟ್ಟು ಅಂಗಿ ಹಾಕಿಕೋ. ಒದ್ದೆ ಚರ್ಮಕ್ಕೆ ಹಚ್ಚಿದರೆ ಅಂಟಂಟಾಗುತ್ತೆ, ಅಂಗಿಗೆಲ್ಲ ಮೆತ್ತಿಕೊಳ್ಳುತ್ತೆ. ಇದು ಬ್ಯಾಕ್ಟೀರಿಯಾವನ್ನು ಹದ್ದಿನಲ್ಲಿಡುತ್ತೆ ಅಷ್ಟೇ, ಬೆವರು ಬಂದೇ ಬರುತ್ತೆ. ಬೆವರನ್ನೇ ಕಡಿಮೆ ಮಾಡೋದು ಬೇರೆ, ಅದಕ್ಕೆ ಆ್ಯಂಟಿಪರ್ಸ್ಪಿರಂಟ್ ಅಂತಾರೆ. ಅದರಲ್ಲಿರುವ ಅಲ್ಯುಮಿನಿಯಂ ಲವಣ ಬೆವರಿನ ದಾರಿಯನ್ನು ಸ್ವಲ್ಪ ಕಾಲ ಮುಚ್ಚುತ್ತೆ. ರಾತ್ರಿ ಬೆವರು ಕಡಿಮೆ ಇರುವಾಗ ಹಚ್ಚಿದರೆ ಚೆನ್ನಾಗಿ ಹಿಡಿಯುತ್ತೆ. ಅಂಗಿ ಒದ್ದೆಯಾಗಿ ನಿನಗೆ ಮುಜುಗರ ಆದರೆ ಹೇಳು, ತರೋಣ. ಮೊದಲಿಗೇ ಅದು ಬೇಕಿಲ್ಲ ಅನ್ನಿಸಿತು.

ಒಂದು ವೇಳೆ ತುರಿಕೆಯೋ, ಕೆಂಪು ಗುಳ್ಳೆಯೋ ಬಂದರೆ ಅಲ್ಲಿಗೇ ನಿಲ್ಲಿಸಿ ನನಗೆ ತೋರಿಸು. ಗಾಯದ ಮೇಲೆ, ಕೂದಲು ತೆಗೆದ ಕೂಡಲೇ ಹಚ್ಚಬೇಡ, ಉರಿಯುತ್ತೆ.

ನಮ್ಮ ವಾಸನೆ ನಮ್ಮ ಮೂಗಿಗೆ ರೂಢಿಯಾಗಿಬಿಡುತ್ತೆ. ನಾನು ನಿನ್ನ ವಯಸ್ಸಲ್ಲಿ ಡಬ್ಬಿಗಟ್ಟಲೆ ಪೌಡರ್ ಸುರಿದುಕೊಂಡು ಎಲ್ಲ ಸರಿಯಾಗಿದೆ ಅಂದುಕೊಂಡಿದ್ದೆ. ಕೊನೆಗೆ ಅಕ್ಕ ಹೇಳಿದಳು, ಅದೂ ಎಲ್ಲರೆದುರು! ನಿನಗೆ ಹಾಗಾಗೋದು ಬೇಡ. ಬಿಚ್ಚಿದ ಅಂಗಿಯನ್ನು ಆಗಲೇ ಮೂಸಬೇಡ. ಸ್ನಾನ ಮುಗಿಸಿ ಬಂದು ಅದರ ಕಂಕುಳ ಭಾಗ ಮೂಸಿ ನೋಡು, ಆಗ ತಿಳಿಯುತ್ತೆ.

ನಿನ್ನ ನೀಲಿ ಜೆರ್ಸಿ ಒಗೆದ ಮೇಲೂ ಯಾಕೆ ನಾರುತ್ತೆ ಅಂದರೆ ಅದು ಪಾಲಿಯೆಸ್ಟರ್. ಹತ್ತಿ ಬಟ್ಟೆಗಿಂತ ಅದರಲ್ಲಿ ಬೆವರಿನ ವಾಸನೆ ಗಟ್ಟಿಯಾಗಿ ಉಳಿಯುತ್ತೆ. ಮೈಗೆ ಹಾಕಿಕೊಂಡು ಬಿಸಿಯಾದ ಕೂಡಲೇ ಮತ್ತೆ ಎದ್ದು ಬರುತ್ತೆ. ಬಿಚ್ಚಿದ ದಿನವೇ ಒಳಮೈ ಹೊರಗೆ ಮಾಡಿ, ಕಂಕುಳ ಜಾಗಕ್ಕೆ ಸೋಪು ಹಚ್ಚಿ ಅರ್ಧ ಗಂಟೆ ನೆನೆಸು. ಉಳಿದದ್ದು ಮಷಿನ್ ನೋಡಿಕೊಳ್ಳುತ್ತೆ. ಬ್ಯಾಗಿನೊಳಗೆ ಎರಡು ದಿನ ಮುದುರಿಟ್ಟರೆ ಮಾತ್ರ ಆ ಜೆರ್ಸಿಗೆ ನಾನು ಕೈ ಹಾಕಲ್ಲ, ಈಗಲೇ ಹೇಳಿದ್ದೇನೆ.

ರೋಲ್-ಆನ್ ನಿನ್ನ ಕಪಾಟಿನಲ್ಲಿ, ಸಾಕ್ಸ್ ಹಿಂದೆ ಇದೆ. ತಂಗಿಗೆ ಕಾಣಲ್ಲ. ಅಪ್ಪನ ಸ್ಪ್ರೇ ವಾಪಸ್ ಇಡು, ಬೆಳಗ್ಗೆಯಿಂದ ಹುಡುಕುತ್ತಿದ್ದಾರೆ.

ಅಮ್ಮ